ನಾಲ್ಕನೇ ಚೌಕ

ಪ್ರಶ್ನೆ: "ನಾನೊಂದು ಸಣ್ಣಕಥೆ ಬರೆಯುತ್ತಿದ್ದೇನೆ. ಟೈಲ್ಸ್ ಹಾಕುವ ಕೆಲಸಕ್ಕೆಂದು ಭಾಷೆ ಗೊತ್ತಿಲ್ಲದ ದೊಡ್ಡ ಊರಿಗೆ ಬಂದ ಒಬ್ಬ ಹುಡುಗನ ಕಥೆ. ಅಲ್ಲಿನ ಒಂದು ಅಕ್ಷರವೂ ಅವನಿಗೆ ಬರುವುದಿಲ್ಲ. ದಿನಾ ಬೆಳಿಗ್ಗೆ ರೈಲು ನಿಲ್ದಾಣದ ಟಿಕೆಟ್ ಮಷೀನ್ ಎದುರು ನಿಲ್ಲಬೇಕು. ನನ್ನ ಕರಡಿನಲ್ಲಿ ಅವನು ಗಾಬರಿಯಾಗಿ ನಿಲ್ಲುತ್ತಾನೆ, ಹಿಂದಿದ್ದ ಹುಡುಗಿಯೊಬ್ಬಳು ಮುಂದೆ ಬಂದು ಟಿಕೆಟ್ ತೆಗೆದುಕೊಡುತ್ತಾಳೆ, ಕೊನೆಗೆ ಅವಳಿಂದಲೇ ಅಕ್ಷರ ಕಲಿಯುತ್ತಾನೆ. ಓದಿದ ಗೆಳೆಯರು 'ನಂಬೋಕಾಗಲ್ಲ' ಅಂದರು. ಓದಲು ಬಾರದವನು ಸ್ಕ್ರೀನನ್ನು ನಿಜಕ್ಕೂ ಹೇಗೆ ಅರ್ಥ ಮಾಡಿಕೊಳ್ಳುತ್ತಾನೆ? ಭಾಷೆ ಬದಲಿಸುವ ಬಟನ್ ಇರುತ್ತದಲ್ಲ, ಅದನ್ನು ಒತ್ತಿದರೆ ಕಥೆಯೇ ಮುಗಿದು ಹೋಗುವುದಿಲ್ಲವೇ? ಅವನಿಗೆ ಕಾಣುವ ಆ ಅಕ್ಷರಗಳನ್ನು ಕನ್ನಡದ ಪುಟದ ಮೇಲೆ ಹೇಗೆ ತೋರಿಸಲಿ?"

ಉತ್ತರ: ನಾನು ಕಥೆಗಾರನಲ್ಲ. ಆದರೆ 15 ವರ್ಷ ಟಿಕೆಟ್ ಮಷೀನ್‌ಗಳ ಸ್ಕ್ರೀನ್ ತಯಾರಿಸುವ ತಂಡದಲ್ಲಿದ್ದೆ. ಜನ ಯಾವುದನ್ನು ಒತ್ತುತ್ತಾರೆ, ಎಲ್ಲಿ ಕೈ ತಡೆಯುತ್ತದೆ, ಎಲ್ಲಿ ಬಿಟ್ಟು ಹೋಗುತ್ತಾರೆ ಅಂತ ಕಂಬದ ಮರೆಯಲ್ಲಿ ನಿಂತು ನೋಡುವುದೇ ಎಷ್ಟೋ ದಿನ ನನ್ನ ಕೆಲಸವಾಗಿತ್ತು. ನಿಮ್ಮ ಹುಡುಗನಂಥವರನ್ನು ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ಗಾಬರಿಯಾಗಿ ಸುಮ್ಮನೆ ನಿಂತವರು ಕಮ್ಮಿ. ಹೆಚ್ಚಿನವರು ಮೊದಲು ಪಕ್ಕಕ್ಕೆ ಸರಿದು, ನಾಲ್ಕೈದು ಜನ ಟಿಕೆಟ್ ತೆಗೆಯುವುದನ್ನು ನೋಡುತ್ತಾರೆ. ಆಮೇಲೆ ಬಂದು ಒತ್ತುತ್ತಾರೆ. ನಿಮ್ಮ ಗೆಳೆಯರಿಗೆ ಕಥೆ ನಂಬಿಕೆ ಹುಟ್ಟಿಸದೇ ಇರುವುದಕ್ಕೆ ಇದೇ ಕಾರಣ ಇರಬಹುದು. ನಿಮ್ಮ ಹುಡುಗನಿಗೆ ತಲೆ ಓಡುತ್ತಲೇ ಇಲ್ಲ. ಹುಡುಗಿ ಬರುವ ತನಕ ಅವನು ಕಾಯುತ್ತಿದ್ದಾನೆ ಅಷ್ಟೆ.

ಮೊದಲು ಒಂದು ವಿಷಯ ನೀವೇ ತೀರ್ಮಾನ ಮಾಡಬೇಕು. ಅವನಿಗೆ ಅಲ್ಲಿನ ಅಕ್ಷರ ಬರುವುದಿಲ್ಲ, ಸರಿ. ತನ್ನ ಭಾಷೆಯ ಅಕ್ಷರ ಬರುತ್ತದೆಯೋ ಇಲ್ಲವೋ? ಎರಡೂ ಒಂದೇ ಅಂತ ತುಂಬ ಜನ ಅಂದುಕೊಳ್ಳುತ್ತಾರೆ, ಆದರೆ ಬಹಳ ವ್ಯತ್ಯಾಸ ಇದೆ. ಯಾವುದೋ ಒಂದು ಲಿಪಿ ಓದಲು ಬರುವವನಿಗೆ ಗೆರೆಗಳ ಗುಂಪು ಅಂದರೆ ಪದ, ಒಂದೇ ಗುಂಪು ಎರಡು ಕಡೆ ಕಂಡರೆ ಅದೇ ಪದ, ಪದದೊಳಗೆ ಉಲಿಗಳು ಸಾಲಾಗಿ ಕೂತಿವೆ ಅಂತ ಗೊತ್ತಿರುತ್ತದೆ. ಹಾಗಾಗಿ ಅವನು ಊಹೆ ಮಾಡುತ್ತಾನೆ. ಯಾವ ಲಿಪಿಯೂ ಬಾರದವನಿಗೆ ಆ ಗೆರೆಗಳ ಮೇಲೆ ಆಸೆಯೇ ಇರುವುದಿಲ್ಲ. ಅವನು ನೇರವಾಗಿ ಜಾಗ, ಬಣ್ಣ, ಸದ್ದು ನೋಡುತ್ತಾನೆ. ನೋಡುವವರಿಗೆ ವಿಚಿತ್ರ ಅನಿಸಬಹುದು, ಮಷೀನ್ ಮುಂದೆ ಎಷ್ಟೋ ಸಲ ಇವನೇ ಬೇಗ ಗೆಲ್ಲುತ್ತಾನೆ. ನಿಮ್ಮ ಕಥೆಗೆ ಮಾತ್ರ ಮೊದಲನೆಯವನೇ ಒಳ್ಳೆಯದು. ಊಹೆ ಮಾಡುವವನು ತಪ್ಪೂ ಮಾಡುತ್ತಾನೆ, ಕಥೆ ಇರುವುದು ಆ ತಪ್ಪಿನಲ್ಲಿ.

ಅವನಿಗೆ ಅಂಕಿಗಳು ಬರುತ್ತವೆ ಅಂತಲೂ ಇಟ್ಟುಕೊಳ್ಳಿ. 1, 2, 3 ಅನ್ನುವ ಈ ಅಂಕಿಗಳನ್ನು ಲಿಪಿ ಯಾವುದೇ ಇರಲಿ, ಜಗತ್ತಿನ ಬಹುಪಾಲು ಮಷೀನ್‌ಗಳು ತೋರಿಸುತ್ತವೆ. ಅಳತೆ ಪಟ್ಟಿ ಹಿಡಿದು ಬದುಕುವ ಟೈಲ್ಸ್ ಕೆಲಸದವನಿಗೆ ಅವು ಚೆನ್ನಾಗಿಯೇ ಗೊತ್ತಿರುತ್ತವೆ. ಬೀಗಕ್ಕೆ ಹೊಂದುವ ಅವನ ಒಂದೇ ಕೀಲಿ ಇದು.

ಈಗ ಸ್ಕ್ರೀನಿಗೆ ಬರೋಣ. ಕಥೆಗೆ ಅನುಕೂಲ ಆಗಲಿ ಅಂತ ಒಂದು ಮಷೀನನ್ನು ನಾನೇ ಕಟ್ಟಿಕೊಡುತ್ತೇನೆ. ಮೊದಲ ಸ್ಕ್ರೀನಿನಲ್ಲಿ 12 ಚೌಕ. ಅಡ್ಡಕ್ಕೆ 3, ಉದ್ದಕ್ಕೆ 4. ಪ್ರತಿ ಚೌಕದಲ್ಲಿ ಒಂದು ನಿಲ್ದಾಣದ ಹೆಸರು. ಒಂದನ್ನು ಒತ್ತಿದರೆ ಎರಡನೇ ಸ್ಕ್ರೀನ್ ಬರುತ್ತದೆ, ಅಲ್ಲಿ ದೊಡ್ಡದಾಗಿ ದರ ಕಾಣುತ್ತದೆ. ಆಗಲೇ ದುಡ್ಡು ಹಾಕುವ ಸೀಳಿನ ಸುತ್ತ ಹಸಿರು ದೀಪ ಮಿನುಗಲು ಶುರುವಾಗುತ್ತದೆ. ದುಡ್ಡು ಹಾಕಿದರೆ ಕೆಳಗಿನ ಬಾಯಿಯಲ್ಲಿ ಟಿಕೆಟ್ ಬೀಳುತ್ತದೆ, ಚಿಲ್ಲರೆ ಉದುರುತ್ತದೆ. ಇಷ್ಟೇ. ನಿಮ್ಮ ಹುಡುಗ ರೂಮಿನ ಜೊತೆಗಾರನಿಂದ ಎರಡು ಸಂಗತಿ ಕೇಳಿಕೊಂಡು ಬಂದಿದ್ದಾನೆ. ಇಳಿಯಬೇಕಾದ್ದು ಏಳನೇ ನಿಲ್ದಾಣದಲ್ಲಿ. ಟಿಕೆಟ್ ದರ 34. (ಸಂಜೆ ಅವನನ್ನು ಮೇಸ್ತ್ರಿಯ ಗಾಡಿಯಲ್ಲಿ ವಾಪಸ್ ಕಳಿಸಿಬಿಡಿ. ಆ ಕಡೆಯ ಮಷೀನಿನಲ್ಲಿ ಪಟ್ಟಿಯೇ ಬೇರೆ ಇರುತ್ತದೆ, ಸುಮ್ನೆ ಗೋಜಲು.)

ಏಳನೇ ನಿಲ್ದಾಣ ಅಂದಮೇಲೆ ಅವನು ಏಳನೇ ಚೌಕ ಒತ್ತುತ್ತಾನೆ. ನಾನಾದರೂ ಅದನ್ನೇ ಮಾಡುತ್ತಿದ್ದೆ. ಸ್ಕ್ರೀನಿನಲ್ಲಿ 22 ಅಂತ ಬರುತ್ತದೆ. ಇಲ್ಲಿಂದ ಅವನ ತಲೆ ಕೆಲಸ ಶುರು ಮಾಡಲಿ.

ಏನಾಯಿತು ಅಂದರೆ, ರೈಲು ನಿಲ್ಲುವ ಕ್ರಮ ಬೇರೆ, ಸ್ಕ್ರೀನಿನ ಕ್ರಮ ಬೇರೆ. ಇಂಥ ಪಟ್ಟಿಗಳನ್ನು ನಾವು ಸಾಮಾನ್ಯವಾಗಿ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸುತ್ತೇವೆ. ಓದುವವರಿಗೆ ಹೆಸರು ಬೇಗ ಸಿಗಲಿ ಅಂತ. ಓದಲು ಬಾರದವನಿಗೆ ಅದು ಯಾರೋ ಇಸ್ಪೀಟು ಕಲಸಿ ಇಟ್ಟ ಹಾಗೆ. ಗೋಡೆಯ ಮೇಲಿನ ನಕ್ಷೆಯಲ್ಲಿ ಅವನು ಇಳಿಯುವ ನಿಲ್ದಾಣ ಏಳನೆಯದು, ಸ್ಕ್ರೀನಿನಲ್ಲಿ ಹನ್ನೊಂದನೆಯದು. ಎರಡಕ್ಕೂ ಏನು ಸಂಬಂಧ ಅಂತ ಅವನಿಗೆ ಹೇಳುವ ಯಾವ ಗುರುತೂ ಅಲ್ಲಿಲ್ಲ. ಕರಡಿನಲ್ಲಿ ನೀವು ಇದನ್ನು ವಿವರಿಸಲು ಹೋಗಬೇಡಿ. ಏಳು ಒತ್ತಿದ, 22 ಬಂತು. ಓದುಗರಿಗೆ ಅಷ್ಟು ಸಾಕು.

22 ನೋಡಿದ ಅವನಿಗೆ ತಪ್ಪಾಯಿತು ಅಂತ ಗೊತ್ತು, ವಾಪಸ್ ಹೋಗುವುದು ಹೇಗೆ ಅಂತ ಗೊತ್ತಿಲ್ಲ. ಬಾಣದ ಗುರುತು ಇರಬಹುದು, ಅದು ಹಿಂದಕ್ಕೋ ಮುಂದಕ್ಕೋ ಅನ್ನುವ ಅನುಮಾನ. ಅಷ್ಟರಲ್ಲಿ ಸ್ಕ್ರೀನ್ ತಾನಾಗಿಯೇ ಮೊದಲಿನ ಹಾಗೆ ಆಗಿಬಿಡುತ್ತದೆ. ಯಾರೂ ಏನೂ ಒತ್ತದಿದ್ದರೆ ಸ್ವಲ್ಪ ಹೊತ್ತಿಗೆ ಹೀಗೆ ಆಗಬೇಕು ಅಂತ ನಾವೇ ಇಟ್ಟಿರುತ್ತೇವೆ. ಸಾಮಾನ್ಯವಾಗಿ ಅರ್ಧ ನಿಮಿಷ, ಒಂದು ನಿಮಿಷ. ಮೊದಲ ಸಲ ಇದು ಅವನಿಗೆ ಏಟು ಬಿದ್ದ ಹಾಗೆ ಅನಿಸುತ್ತದೆ, ಮಷೀನ್ ತನ್ನನ್ನು ಓಡಿಸಿತು ಅಂತ. ಎರಡನೇ ಸಲಕ್ಕೆ, ಓ ಸುಮ್ಮನೆ ನಿಂತರೆ ಅಳಿಸಿಹೋಗುತ್ತದೆ ಅಂತ ಗೊತ್ತಾಗುತ್ತದೆ. ಮೂರನೇ ಸಲ ಅದೇ ಅವನ ರದ್ದು ಬಟನ್. ಕೈಕಟ್ಟಿ ನಿಂತು ಮಷೀನ್ ಮರೆಯುವ ತನಕ ಕಾಯುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಕ್ಕದಲ್ಲೇ ಕೆಂಪು ಬಟನ್ ಇರುತ್ತಿತ್ತು. ಕೆಂಪು ಅಂದರೆ ಅಪಾಯ, ಪೊಲೀಸರು ಬರುತ್ತಾರೇನೋ ಅಂತ ಒಬ್ಬ ನನಗೆ ಹೇಳಿದ್ದ.

ಮತ್ತೆ ಒತ್ತುತ್ತಾನೆ. ಒಂದನೇ ಚೌಕ, 12. ಎರಡನೆಯದು, 22. ಮೂರನೆಯದು, 45. ನಾಲ್ಕನೆಯದು, 34. ಸೀಳಿನ ಸುತ್ತ ಹಸಿರು ಮಿನುಗುತ್ತದೆ. ಅವನು ದುಡ್ಡು ಹಾಕುತ್ತಾನೆ.

ನಿಮ್ಮ ಇಡೀ ಕಥೆ ನಿಲ್ಲುವುದು ಇಲ್ಲಿ. ನಾಲ್ಕನೇ ಚೌಕದಲ್ಲಿರುವುದು ಅವನ ನಿಲ್ದಾಣದ ಹೆಸರಲ್ಲ. ಅದರ ಮುಂದಿನ ನಿಲ್ದಾಣದ್ದು. ಆದರೂ ದರ 34. ಎಷ್ಟೋ ಕಡೆ ರೈಲು ದರ ನಿಲ್ದಾಣದ ಲೆಕ್ಕದಲ್ಲಿ ಏರುವುದಿಲ್ಲ, ದೂರದ ಹಂತಗಳ ಲೆಕ್ಕದಲ್ಲಿ ಏರುತ್ತದೆ. ಒಂದು ಹಂತದೊಳಗೆ ಬರುವ ಎರಡು ಮೂರು ನಿಲ್ದಾಣಕ್ಕೂ ಒಂದೇ ದರ. ಜಪಾನಿನಲ್ಲಿ ಹತ್ತಿರದ ಊರಿಗೆ ಕಾಗದದ ಟಿಕೆಟ್ ತೆಗೆಯುವಾಗ ಸಾಮಾನ್ಯವಾಗಿ ಊರಿನ ಹೆಸರನ್ನೇ ಒತ್ತುವುದಿಲ್ಲ. ಮೇಲಿನ ನಕ್ಷೆಯಲ್ಲಿ ದರ ನೋಡಿಕೊಂಡು ಆ ದರದ ಬಟನ್ ಒತ್ತಿದರೆ ಆಯಿತು. ನಿಮ್ಮ ಹುಡುಗ ತನಗೆ ಗೊತ್ತಿಲ್ಲದೆಯೇ ಅದನ್ನೇ ಮಾಡುತ್ತಿದ್ದಾನೆ. ಕೊಟ್ಟದ್ದು ಒಂದು ನಿಲ್ದಾಣ ಮುಂದಿನ ಟಿಕೆಟ್ಟು, ಇಳಿಯುವುದು ಒಂದು ನಿಲ್ದಾಣ ಹಿಂದೆ. ಗೇಟು ತೆರೆಯುತ್ತದೆ. ಯಾರೂ ಅವನನ್ನು ತಡೆಯುವುದಿಲ್ಲ. ತಪ್ಪು ಒತ್ತುತ್ತಿದ್ದಾನೆ ಅಂತ ಅವನಿಗೆ ಹೇಳಬಲ್ಲವರು ಆ ಊರಿನಲ್ಲಿ ಯಾರೂ ಇಲ್ಲ.

ಈಗ ಅವನಿಗೆ ಒಂದು ಲಿಪಿ ಬರುತ್ತದೆ ಅಂದೆವಲ್ಲ, ಅದು ಉಪಯೋಗಕ್ಕೆ ಬರುತ್ತದೆ. ದಿನಾ ರೈಲಿನಲ್ಲಿ ತಾನು ಇಳಿಯುವ ಮೊದಲು ಒಂದು ಹೆಸರು ಕೂಗುವುದನ್ನು ಕೇಳುತ್ತಾನೆ. ಮೂರು ಉಲಿಯ ಹೆಸರು, 'ಸೆ' ಅಂತ ಶುರುವಾಗುತ್ತದೆ ಅಂದುಕೊಳ್ಳಿ. ಬೆಳಿಗ್ಗೆ ಒತ್ತಿದ ಚೌಕದಲ್ಲೂ ಮೂರು ಗುರುತು. ಮೊದಲನೆಯದು ಬಾವಿಗೆ ಬಿದ್ದ ಬಿಂದಿಗೆ ಎತ್ತುವ ಕೊಕ್ಕೆಯ ಹಾಗಿದೆ. ಸರಿ, ಕೊಕ್ಕೆ ಅಂದರೆ 'ಸೆ'. ಎರಡನೆಯದು ಕರಣೆಯ ಹಾಗಿದೆ, ಅದಕ್ಕೂ ಒಂದು ಉಲಿ ಕೊಡುತ್ತಾನೆ. ಹೀಗೆ ನಾಲ್ಕು ತಿಂಗಳಲ್ಲಿ ಅವನ ಹತ್ತಿರ ಒಂದು ಪುಟ್ಟ ಅಕ್ಷರಮಾಲೆ ತಯಾರಾಗುತ್ತದೆ. ಎಲ್ಲವೂ ತಪ್ಪು. ಆದರೆ ದಿನಾ ಬೆಳಿಗ್ಗೆ ಟಿಕೆಟ್ ಬೀಳುತ್ತದೆ, ದಿನಾ ಗೇಟು ತೆರೆಯುತ್ತದೆ. ಯಾರಿಗಾದರೂ ಅನುಮಾನ ಯಾಕೆ ಬರಬೇಕು, ಹೇಳಿ?

ನಡುವೆ ಒಂದು ಸಣ್ಣ ಎಚ್ಚರಿಕೆ ಬರಲಿ. ಬೀದಿಯ ಅಂಗಡಿಯೊಂದರ ಬೋರ್ಡಿನಲ್ಲೂ ಕೊಕ್ಕೆಯಿಂದಲೇ ಹೆಸರು ಶುರುವಾಗುತ್ತದೆ. ಜನ ಮಾತ್ರ ಆ ಅಂಗಡಿಯನ್ನು 'ಬ' ಅಂತ ಶುರುವಾಗುವ ಹೆಸರಿನಿಂದ ಕರೆಯುತ್ತಾರೆ. ಅವನು ಒಂದು ಕ್ಷಣ ನಿಂತು, ಬೋರ್ಡು ಹಳೇ ಮಾಲೀಕರದ್ದಿರಬೇಕು ಅಂದುಕೊಂಡು ಮುಂದೆ ಹೋಗುತ್ತಾನೆ. ತಾನು ಕಷ್ಟಪಟ್ಟು ಕಂಡುಕೊಂಡದ್ದನ್ನು ಯಾರೂ ಒಂದು ಬೋರ್ಡಿಗಾಗಿ ಬಿಟ್ಟುಕೊಡುವುದಿಲ್ಲ.

ಭಾಷೆಯ ಬಟನ್ ವಿಷಯ. ಅದು ಇದ್ದರೆ ಕಥೆ ಮುಗಿಯಿತು ಅನ್ನುವುದು ಓದು ಬಲ್ಲವರ ನಂಬಿಕೆ. ಮೊದಲನೆಯದಾಗಿ, ಅಲ್ಲಿ ಅವನ ಭಾಷೆ ಇರುವುದಿಲ್ಲ. ಯಾವ ಭಾಷೆಗಳನ್ನು ಹಾಕಬೇಕು ಅಂತ ಕೂತು ಮಾತಾಡುವ ಕೋಣೆಯಲ್ಲಿ ನಾನಿದ್ದೆ. ಪ್ರವಾಸಿಗಳ ಭಾಷೆಗಳೇ ಪಟ್ಟಿಯ ಮೇಲಿರುತ್ತಿದ್ದವು. ಆ ನಿಲ್ದಾಣದ ನೆಲಕ್ಕೆ ಟೈಲ್ಸ್ ಕೂರಿಸಿದವರ ಭಾಷೆ ಯಾವುದು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಎರಡನೆಯದಾಗಿ, ಆ ಬಟನ್ ಮೇಲೆ ಒಂದು ಬಾವುಟವೋ ಭೂಗೋಳದ ಚಿತ್ರವೋ ಇರುತ್ತದೆ. ಅದರರ್ಥ 'ಭಾಷೆ' ಅಂತ ಮೊದಲೇ ಗೊತ್ತಿದ್ದವರಿಗೆ ಮಾತ್ರ ಗೊತ್ತು.

ಆದರೂ ಆ ಬಟನ್ನನ್ನು ಕಥೆಯಿಂದ ತೆಗೆಯಬೇಡಿ. ಒಂದು ದಿನ ಅವನ ಮೊಣಕೈ ತಾಕಿಯೋ ಮಗುವೊಂದು ಒತ್ತಿಯೋ ಸ್ಕ್ರೀನ್ ಮೂರನೇ ಭಾಷೆಗೆ ಹೋಗಿಬಿಡಲಿ. ಅಕ್ಷರಗಳೆಲ್ಲ ಬೇರೆ. ಕೊಕ್ಕೆ ಇಲ್ಲ, ಕರಣೆ ಇಲ್ಲ. ಒಂದೆರಡು ಹೆಸರು ಉದ್ದ ಆಗಿ ಎರಡು ಸಾಲಿಗೆ ಮುರಿದಿವೆ. ಅವನ ಎದೆ ಧಸಕ್ಕೆನ್ನುತ್ತದೆ. ಆಮೇಲೆ ನೋಡುತ್ತಾನೆ, ಚೌಕಗಳು ಅಲ್ಲೇ ಇವೆ. 12 ಚೌಕ, ಅದೇ ಸಂದು, ಅದೇ ಅಂಚು. ಟೈಲ್ಸ್ ಹಾಕುವವನ ಕಣ್ಣು ಅದು. ಕಲ್ಲಿನ ಬಣ್ಣ ಬದಲಾದರೂ ಸಂದಿಯ ಗೆರೆ ನೆಟ್ಟಗಿದ್ದರೆ ನೆಲ ಅದೇ ಅಂತ ಅವನಿಗೆ ಗೊತ್ತು. ನಾಲ್ಕನೆಯದನ್ನು ಒತ್ತುತ್ತಾನೆ. 34. ಇದು ನಡೆಯುವ ಸಾಧ್ಯತೆ ಇದೆಯೇ ಅಂತ ನೀವು ಕೇಳಿದರೆ, ಇದೆ. ಪಟ್ಟಿಯನ್ನು ಹೊಸ ಭಾಷೆಯ ಅಕ್ಷರಮಾಲೆಗೆ ತಕ್ಕಂತೆ ಮತ್ತೆ ಜೋಡಿಸುವ ಮಷೀನ್‌ಗಳೂ ಇವೆ, ಜೋಡಿಸದೆ ಹಾಗೇ ಬಿಡುವವೂ ಇವೆ. ನಿಮ್ಮದು ಎರಡನೇ ಜಾತಿಯದಾಗಿರಲಿ.

ಬೆರಳಿನ ಬಗ್ಗೆ ಎರಡು ಮಾತು, ಯಾಕಂದರೆ ಕಥೆಗಳಲ್ಲಿ ಬೆರಳು ಯಾವಾಗಲೂ ಸರಿಯಾಗಿಯೇ ಒತ್ತುತ್ತದೆ. ಸಿಮೆಂಟು ಗ್ರೌಟು ಮೆತ್ತಿ ಮೆತ್ತಿ ದಪ್ಪಗಟ್ಟಿದ ಒಣ ಚರ್ಮವನ್ನು ಫೋನಿನಂಥ ಟಚ್ ಸ್ಕ್ರೀನು ಕೆಲವೊಮ್ಮೆ ಗುರುತಿಸುವುದೇ ಇಲ್ಲ. ಅದು ಚರ್ಮದ ವಿದ್ಯುತ್ ಗುಣದ ಮೇಲೆ ನಡೆಯುತ್ತದೆ. ಹಾಗಾಗಿ ಅವನು ಗಟ್ಟಿಯಾಗಿ ಒತ್ತುತ್ತಾನೆ, ಅದರಿಂದ ಏನೂ ಪ್ರಯೋಜನ ಇಲ್ಲ. ಬೆರಳನ್ನು ನಾಲಿಗೆಗೆ ತಾಕಿಸಿ ಒತ್ತಿದರೆ ಕೆಲಸ ಆಗುತ್ತದೆ. ಇನ್ನೊಂದು ತೊಂದರೆ ಗಾಜಿನದು. ಹೊರಗಡೆ ಇಡುವ ಮಷೀನ್‌ಗಳಿಗೆ ದಪ್ಪ ಗಾಜು ಹಾಕಿರುತ್ತಾರೆ, ಚಿತ್ರ ಗಾಜಿನ ಹಿಂದೆ ಇರುತ್ತದೆ. ತುಂಬ ಎತ್ತರದವನು ಮೇಲಿನಿಂದ ಓರೆಯಾಗಿ ನೋಡಿ ಒತ್ತಿದರೆ ಬೆರಳು ಕಂಡ ಚೌಕಕ್ಕಿಂತ ಮೇಲೆ ಬೀಳುತ್ತದೆ. ಅವನಿಗೆ ಅದು ಗಾಜಿನ ದೋಷ ಅಂತ ಗೊತ್ತಾಗುವುದಿಲ್ಲ, ಚೌಕದ ಅರ್ಥವೇ ಬದಲಾಯಿತು ಅನ್ನಿಸುತ್ತದೆ. ಇದನ್ನು ಒಮ್ಮೆ ಬಳಸಿ, ಜಾಸ್ತಿ ಬೇಡ.

ಇನ್ನು, ನಾಲ್ಕು ತಿಂಗಳ ನೆಮ್ಮದಿಯನ್ನು ಕೆಡಿಸುವುದು ಹೇಗೆ? ಇದಕ್ಕೆ ನನ್ನ ಕೆಲಸದಲ್ಲೇ ನಡೆದದ್ದು ಹೇಳುತ್ತೇನೆ. ಒಂದು ಮಾರ್ಗದಲ್ಲಿ ಹೊಸ ನಿಲ್ದಾಣ ಶುರುವಾಯಿತು. ನಾವು ಪಟ್ಟಿಗೆ ಒಂದು ಹೆಸರು ಸೇರಿಸಿದೆವು, ಹತ್ತು ನಿಮಿಷದ ಕೆಲಸ. ಮಾರನೇ ದಿನ ಬೆಳಿಗ್ಗೆಯಿಂದ ದೂರು. 'ಮಷೀನ್ ಮೋಸ ಮಾಡುತ್ತಿದೆ', 'ನಿನ್ನೆಯ ಟಿಕೆಟ್ಟಿಗೆ ಇವತ್ತು ಬೇರೆ ದುಡ್ಡು ಕೇಳುತ್ತಿದೆ'. ದರ ಒಂದು ಪೈಸೆಯೂ ಬದಲಾಗಿರಲಿಲ್ಲ. ಎಷ್ಟು ಜನ ಓದದೆ ಟಿಕೆಟ್ ತೆಗೆಯುತ್ತಿದ್ದರು ಅಂತ ನಮಗೆ ಗೊತ್ತಾದದ್ದೇ ಅವತ್ತು. ಓದು ಬಲ್ಲವರೂ ಅವರಲ್ಲಿದ್ದರು. ದಿನಾ ಒತ್ತುವವರು ಯಾರೂ ಓದುವುದಿಲ್ಲ.

ನಿಮ್ಮ ಕಥೆಯಲ್ಲೂ ಹೊಸ ನಿಲ್ದಾಣವನ್ನೇ ತನ್ನಿ. ಅದು ಅವನ ಮನೆಗೂ ಕೆಲಸದ ಜಾಗಕ್ಕೂ ನಡುವೆ ಬರಲಿ. ಅಕ್ಷರಮಾಲೆಯಲ್ಲಿ ಅದರ ಹೆಸರು ಶುರುವಿನ ಹತ್ತಿರವೇ ಬರಲಿ, ಎರಡನೇ ಚೌಕದಲ್ಲಿ. ಆಗ ಏನೇನಾಗುತ್ತದೆ ನೋಡಿ. ಎರಡರಿಂದ ಮುಂದಿನ ಎಲ್ಲವೂ ಒಂದೊಂದು ಮನೆ ಸರಿಯುತ್ತವೆ. ಹನ್ನೆರಡನೆಯದು ಜಾಗ ಸಾಲದೆ ಎರಡನೇ ಪುಟಕ್ಕೆ ಹೋಗುತ್ತದೆ, ಅದಕ್ಕಾಗಿ ಮೂಲೆಯಲ್ಲಿ ಹೊಸ ಬಾಣವೊಂದು ಹುಟ್ಟುತ್ತದೆ. ಅವನು ನಾಲ್ಕನೆಯದನ್ನು ಒತ್ತುತ್ತಾನೆ, 45 ಬರುತ್ತದೆ. ರೈಲಿನಲ್ಲಿ ಎಣಿಸಿಕೊಂಡು ಏಳಕ್ಕೆ ಇಳಿದರೆ ಅದು ಬೇರೆಯೇ ಊರು, ಅವನದು ಈಗ ಎಂಟನೆಯದು. ಒಂದೇ ಬೆಳಿಗ್ಗೆ ಅವನ ಎರಡೂ ಲೆಕ್ಕ ಕೈಕೊಡುತ್ತವೆ. ಉಳಿಯುವುದು 34 ಒಂದೇ. ದರ ದೂರದ ಮೇಲಿರುವುದರಿಂದ ಅದು ಅಲುಗಾಡುವುದಿಲ್ಲ.

ಅವತ್ತು ತಪ್ಪು ಊರಿನಲ್ಲಿ ಇಳಿದವನು ಮುಂದಿನ ರೈಲು ಹತ್ತಿ ತನ್ನ ನಿಲ್ದಾಣಕ್ಕೆ ಬಂದು, ಮೊದಲ ಬಾರಿಗೆ ಅಲ್ಲಿನ ಬೋರ್ಡನ್ನು ಗಮನಿಸಿ ನೋಡುತ್ತಾನೆ. ನಾಲ್ಕು ತಿಂಗಳು ಅದರ ಕೆಳಗೇ ನಡೆದಿದ್ದಾನೆ, ಓದುವ ಅಗತ್ಯವೇ ಬಿದ್ದಿರಲಿಲ್ಲ. ಫೋನಿನಲ್ಲಿ ಫೋಟೋ ತೆಗೆದುಕೊಳ್ಳುತ್ತಾನೆ. ಬೋರ್ಡಿನಲ್ಲಿ ಕೊಕ್ಕೆ ಇಲ್ಲ.

ಮಾರನೇ ದಿನ ಮಷೀನ್ ಎದುರು ಫೋಟೋ ಹಿಡಿದು ಹೋಲಿಸುವ ದೃಶ್ಯಕ್ಕೆ ಜಾಗ ಕೊಡಿ. ಇಲ್ಲಿ ಕನ್ನಡದವರು ಎಡವುವ ಒಂದು ಕಡೆ ಇದೆ. ನಮ್ಮಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಅಂತ ಇಲ್ಲ. ರೋಮನ್, ಗ್ರೀಕ್, ಸಿರಿಲಿಕ್ ಲಿಪಿಗಳಲ್ಲಿ ಇದೆ. ಬೋರ್ಡಿನಲ್ಲಿ ಎಲ್ಲ ದೊಡ್ಡಕ್ಷರ, ಸ್ಕ್ರೀನಿನಲ್ಲಿ ಚಿಕ್ಕಕ್ಷರ ಇದ್ದರೆ ಹೋಲಿಕೆಯೇ ಸಿಗದು. ಆ ಲಿಪಿ ಕಲಿಯದವನ ಕಣ್ಣಲ್ಲಿ A ಮತ್ತು a ಎರಡು ಬೇರೆ ಬೇರೆ ವಸ್ತು. ನಿಮ್ಮ ಕಥೆಯ ಲಿಪಿ ಅಂಥದ್ದಾದರೆ ಈ ದೃಶ್ಯ ಸೋಲುತ್ತದೆ, ಸೋಲಲೇಬೇಕು. ಬಲದಿಂದ ಎಡಕ್ಕೆ ಓದುವ ಅರೇಬಿಕ್, ಹೀಬ್ರೂ ಥರದ ಲಿಪಿಯಾದರೆ ಇನ್ನೊಂದು ತಿರುವು. ಇಡೀ ಸ್ಕ್ರೀನೇ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ, ಪಟ್ಟಿ ಬಲ ಮೇಲ್ತುದಿಯಿಂದ ಶುರುವಾಗುತ್ತದೆ, ಹಿಂದೆ ಹೋಗುವ ಬಾಣ ಬಲಕ್ಕೆ ಮುಖ ಮಾಡಿರುತ್ತದೆ. ಲಿಪಿಯ ಹೆಸರು ಹೇಳದಿದ್ದರೂ ಪರವಾಗಿಲ್ಲ, ಯಾವ ಥರದ್ದು ಅಂತ ನಿಮಗೆ ಗೊತ್ತಿರಬೇಕು. ಇಲ್ಲಿ ನಾನು ಎಡದಿಂದ ಬಲಕ್ಕೆ ಹೋಗುವ, ದೊಡ್ಡ ಚಿಕ್ಕ ಭೇದ ಇಲ್ಲದ ಲಿಪಿ ಅಂತ ಇಟ್ಟುಕೊಂಡಿದ್ದೇನೆ.

ಹೋಲಿಸುವಾಗ ಅವನ ಕಣ್ಣಿಗೆ ಮೊದಲು ಬೀಳುವುದು ಹೆಸರುಗಳ ಬಾಲ. 13 ಹೆಸರಿನಲ್ಲಿ ಆರೇಳು ಒಂದೇ ಥರ ಮುಗಿಯುತ್ತವೆ. ನಮ್ಮಲ್ಲಿ ಪುರ, ಹಳ್ಳಿ, ಊರು ಇದ್ದ ಹಾಗೆ. ಮೊದಲು ಬಾಲ ಹೊಂದಿತು ಅಂತ ಖುಷಿಪಡುತ್ತಾನೆ, ಆಮೇಲೆ ಎಲ್ಲಕ್ಕೂ ಅದೇ ಬಾಲ ಕಂಡು ಸಪ್ಪಗಾಗುತ್ತಾನೆ, ಆಮೇಲೆ ತಲೆಯ ಕಡೆ ನೋಡಲು ಕಲಿಯುತ್ತಾನೆ. ಬಾಲ ಸಣ್ಣ ಸಂಗತಿ ಅಲ್ಲ. ಸಾಂಚಿಯ ಸ್ತೂಪದ ಕಲ್ಲುಗಳ ಮೇಲಿನ ಗಿಡ್ಡ ಬರಹಗಳೆಲ್ಲ ಅವೇ ಎರಡು ಅಕ್ಷರಗಳಲ್ಲಿ ಮುಗಿಯುವುದನ್ನು ಬ್ರಿಟಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಗಮನಿಸಿದ. ಕಲ್ಲು ಕೊಟ್ಟವರು ಬರೆಸಿದ್ದಾದರೆ ಅದು 'ದಾನಂ' ಇರಬೇಕು ಅಂತ ಊಹಿಸಿದ. 1837ರಲ್ಲಿ ಬ್ರಾಹ್ಮಿ ಲಿಪಿಯ ಗಂಟು ಬಿಚ್ಚಿದ್ದು ಅಲ್ಲಿಂದ. ನಾವೀಗ ಬರೆಯುವ ಕನ್ನಡ ಲಿಪಿಯ ಅಜ್ಜ ಅದು. ಪ್ರಿನ್ಸೆಪ್‌ನ ಬೆನ್ನ ಹಿಂದೆ ಕ್ಯೂ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಕೊನೆಗೆ ಸಿಗುತ್ತದೆ. ಹನ್ನೆರಡನೇ ಚೌಕ. ಒತ್ತಿದರೆ 34. ಅವನು ಕಾಯುತ್ತಾನೆ, ಸ್ಕ್ರೀನ್ ಮರೆಯುತ್ತದೆ. ಕೊಕ್ಕೆಯ ಹೆಸರು ಈಗ ಐದನೇ ಚೌಕದಲ್ಲಿದೆ. ಅದನ್ನು ಒತ್ತುತ್ತಾನೆ. ಅಲ್ಲೂ 34.

ಅಕ್ಷರಗಳನ್ನು ಪುಟದ ಮೇಲೆ ತೋರಿಸುವ ಬಗ್ಗೆ ಕೇಳಿದ್ದೀರಿ. ಮೂರು ದಾರಿ ಕಾಣುತ್ತದೆ. ಸ್ಕ್ರೀನ್ ಏನು ಹೇಳುತ್ತಿದೆ ಅಂತ ಕನ್ನಡದಲ್ಲಿ ಬರೆದುಬಿಡುವುದು ಸುಲಭ, ಆದರೆ ಬರೆದ ಕ್ಷಣವೇ ಓದುಗರು ಮಷೀನಿನ ಕಡೆ ಸೇರಿಕೊಳ್ಳುತ್ತಾರೆ, ಹುಡುಗ ಒಬ್ಬನೇ ಆಗುತ್ತಾನೆ. ಅವನು ಪೆದ್ದನ ಹಾಗೆ ಕಾಣಲು ಶುರುವಾಗುವುದು ಆಗಲೇ. ನಿಜವಾದ ಯಾವುದೋ ಲಿಪಿಯ ಅಕ್ಷರಗಳನ್ನು ಅಚ್ಚು ಹಾಕಿಸಿದರೆ, ಆ ಲಿಪಿ ಬಲ್ಲ ಓದುಗರಿಗೆ ಗುಟ್ಟು ಮೊದಲೇ ರಟ್ಟಾಗುತ್ತದೆ, ಬಾರದವರು ಆ ಜಾಗವನ್ನು ಹಾರಿಸಿ ಓದುತ್ತಾರೆ. ಆಕಾರವನ್ನು ವರ್ಣಿಸುವುದೇ ವಾಸಿ, ಅದರಲ್ಲೂ ಒಂದು ಅಪಾಯ ಇದೆ. ಪ್ರತಿ ಅಕ್ಷರಕ್ಕೂ ಒಂದು ಹೋಲಿಕೆ ಕೊಟ್ಟರೆ ಕಥೆ ಒಗಟಿನ ಪುಸ್ತಕ ಆಗುತ್ತದೆ. ಮೂರು ಆಕಾರ ಸಾಕು. ಅವು ಅವನ ಕೈಗೆ ಗೊತ್ತಿರುವ ವಸ್ತುಗಳಾಗಿರಲಿ. ಟೈಲ್ಸ್ ಹಾಕುವವನಿಗೆ ನವಿಲು, ನಾಗರಹಾವು ಹೊಳೆಯುವುದಿಲ್ಲ. ಕರಣೆ, ಕೊಕ್ಕೆ, ಮೂಲೆ ಒಡೆದ ಟೈಲ್ಸು ಹೊಳೆಯುತ್ತದೆ.

ಹಾಗೆ ನೋಡುವುದು ಕಷ್ಟ ಅನಿಸಿದರೆ ಒಂದು ಉಪಾಯ ಇದೆ. ಪ, ಫ, ಷ, ವ ಇವನ್ನು ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ತಲೆಕೆಳಗೆ ಮಾಡಿ ನೋಡಿ. ಯಾವ ಗೆರೆ ಮುಖ್ಯ, ಯಾವುದು ಅಲಂಕಾರ ಅಂತ ಹೇಳಲು ಒಂದು ಗಳಿಗೆ ಬೇಕಾಗುತ್ತದೆ. ಷದ ಹೊಟ್ಟೆಯ ಆ ಸಣ್ಣ ಗೆರೆ ಬರೆದವರ ಕೈ ಜಾರಿದ್ದೋ ಬೇಕೆಂದೇ ಹಾಕಿದ್ದೋ? ಅವನಿಗೆ ಆಗುತ್ತಿರುವುದು ಅದೇ.

ಹುಡುಗಿಯ ವಿಷಯ ಉಳಿಯಿತು. ನೆರವಿಗೆ ಬರುವವರು ನಿಜವಾಗಿ ಏನು ಮಾಡುತ್ತಾರೆ ಅಂತ ಹೇಳುತ್ತೇನೆ. ಅವರ ಬೆರಳು ಬಹಳ ಬೇಗ ಓಡುತ್ತದೆ. ಟಕ್ ಟಕ್ ಅಂತ ಒತ್ತಿ, ಟಿಕೆಟ್ ಕೈಗಿಟ್ಟು, ನಕ್ಕು ಹೋಗುತ್ತಾರೆ. ಪಡೆದವನಿಗೆ ಆ ದಿನದ ಟಿಕೆಟ್ ಸಿಕ್ಕಿತು, ಕ್ರಮ ಕಾಣಿಸಲೇ ಇಲ್ಲ. ಮಾರನೇ ದಿನ ಮತ್ತೆ ಮೊದಲಿನಿಂದ. ಹಾಗಾಗಿ ಅವಳನ್ನು ಕಥೆಯ ಶುರುವಿನಲ್ಲಿ ಕರೆತಂದು ಅಕ್ಷರ ಕಲಿಸಲು ಹಚ್ಚಿದರೆ ನಾನು ನಂಬುವುದಿಲ್ಲ. ಮಷೀನ್ ಎದುರು ಯಾರೂ ಯಾರಿಗೂ ಅಕ್ಷರ ಕಲಿಸುವುದಿಲ್ಲ, ರೈಲು ಬರುತ್ತಿರುತ್ತದೆ.

ಅವಳನ್ನು ಬಿಡಲು ಮನಸ್ಸಿಲ್ಲದಿದ್ದರೆ ಕೊನೆಗೆ ತನ್ನಿ. ಎರಡು ಚೌಕಕ್ಕೂ 34 ಬಂದ ಆ ಬೆಳಿಗ್ಗೆ ಅವಳು ಅವನ ಹಿಂದೆ ನಿಂತಿರಲಿ. ಕೈಯಲ್ಲಿರುವ ಫೋನಿನ ಫೋಟೋ ಅವಳಿಗೂ ಕಾಣುತ್ತದೆ, ಬೋರ್ಡಿನ ಹೆಸರು ಅವಳು ಓದಬಲ್ಲಳು. ಅವನು ಐದನೇ ಚೌಕ ಒತ್ತಿ, ದುಡ್ಡು ಮಡಿಕೆ ಬಿಡಿಸಿ ಹಿಡಿದಿದ್ದಾನೆ. ಅವಳು ಕೈ ಚಾಚಿ ಹನ್ನೆರಡನೇ ಚೌಕ ಇದ್ದ ಮೂಲೆಯ ಕಡೆ ತೋರಿಸಿ ಏನೋ ಹೇಳುತ್ತಾಳೆ. ಇದು ತಪ್ಪು, ಅದು ನಿಮ್ಮದು ಅಂತ ಇರಬಹುದು. ಆ ಮಾತನ್ನು ನೀವು ಕನ್ನಡಕ್ಕೆ ತರಬೇಡಿ. ಅವಳಿಗೆ ಹೊತ್ತಾಗುತ್ತಿದೆ, ಬೇಗ ಮಾಡು ಅನ್ನುತ್ತಿದ್ದಾಳೆ ಅಂತ ಅವನು ತಿಳಿದುಕೊಳ್ಳಲಿ. ತಲೆಯಾಡಿಸಿ, ಸ್ಕ್ರೀನಿನ ಮೇಲಿನ 34ರ ಮೇಲೆ ಬೆರಳಿಟ್ಟು ಅವಳಿಗೆ ತೋರಿಸಿ, ನೋಟನ್ನು ಹಸಿರು ಮಿನುಗುವ ಸೀಳಿಗೆ ಹಿಡಿಯಲಿ.